ರಜೆ ಕೇಳುವಾಗ ಕಥೆ ಎಷ್ಟು ಬೇಕು?

*ಸಂಪಾದಕರೇ, ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಮಗುವಿಗಾಗಿ ಐವಿಎಫ್ ಚಿಕಿತ್ಸೆ ಶುರುವಾಗಲಿದೆ. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. "ವೈಯಕ್ತಿಕ ಕೆಲಸ" ಎಂದು ಮೇಲ್ ಹಾಕಿದರೆ ಮ್ಯಾನೇಜರ್ "ಏನು ಕೆಲಸ?" ಎಂದು ವಾಪಸ್ ಕೇಳುತ್ತಾರೆ. ಎಲ್ಲವನ್ನೂ ಹೇಳಿಬಿಡಲಾ? ಸುಳ್ಳು ಹೇಳಲಾ?*
*– ಹೆಸರು ಬೇಡ, ಬೆಂಗಳೂರು*

ಎರಡೂ ಬೇಡಮ್ಮ. ಮ್ಯಾನೇಜರ್ ಒಳ್ಳೆಯವರಾಗಿದ್ದರೆ ಹೇಳಿಕೊಂಡು ಹಗುರಾಗಬಹುದು, ಅದನ್ನು ಒಪ್ಪುತ್ತೇನೆ. ಆದರೆ ಅದು ಎದುರು ಕೂತು ಆಡುವ ಮಾತು, ಮೇಲ್‌ನಲ್ಲಿ ಬರೆಯುವುದಲ್ಲ. ಮೇಲ್ ಒಬ್ಬರ ಹತ್ತಿರ ನಿಲ್ಲುವುದಿಲ್ಲ. ಎಚ್‌ಆರ್‌ಗೆ ಫಾರ್ವರ್ಡ್ ಆಗುತ್ತದೆ. ಮೀಟಿಂಗಿನಲ್ಲಿ ಮ್ಯಾನೇಜರ್ ಸ್ಕ್ರೀನ್ ಹಂಚಿಕೊಂಡಾಗ ವಿಷಯದ ಸಾಲು ಮೂಲೆಯಲ್ಲಿ ಮಿಂಚಿ ಹೋಗುತ್ತದೆ.

ಇನ್ನೊಂದು ಮಾತು. ಈ ಚಿಕಿತ್ಸೆ ಮೊದಲ ಸಲಕ್ಕೇ ಫಲಿಸುತ್ತದೆ ಎಂಬ ಖಾತ್ರಿಯಿಲ್ಲ. ಈಗ ಹೇಳಿದರೆ ಎರಡು ವಾರ ಬಿಟ್ಟು "ಏನಾಯ್ತು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಾಳಜಿಯಿಂದಲೇ ಕೇಳಿರಬಹುದು. ಆ ದಿನ ಅದಕ್ಕೆ ಉತ್ತರ ಕೊಡುವ ಸ್ಥಿತಿಯಲ್ಲಿ ನೀವಿರುತ್ತೀರಾ?

ಸುಳ್ಳಿನ ಪಾಡು ನನಗೆ ಚೆನ್ನಾಗಿ ಗೊತ್ತು. ಮೊದಲ ಕೆಲಸದಲ್ಲಿ ತಂಗಿಯನ್ನು ನೋಡಲು ಗಂಡಿನವರು ಬರುವ ದಿನ ಸುಮ್ನೆ "ರಜೆ ಬೇಕು" ಎನ್ನಲು ಧೈರ್ಯ ಸಾಲದೆ ಜ್ವರ ಎಂದು ಬರೆದೆ. ಸಾಲದ್ದಕ್ಕೆ "ಮೈಕೈ ನೋವು, ಚಳಿ" ಎಂದೂ ಸೇರಿಸಿದೆ. ಸಂಜೆ ನಮ್ಮ ಮುಖ್ಯಸ್ಥರು ಬ್ರೆಡ್ ಹಿಡಿದುಕೊಂಡು ಮನೆಗೇ ಬಂದರು! ಗಂಡಿನವರ ಪಕ್ಕ ಕೂತು ಕೇಸರಿಬಾತ್ ತಿಂದು, ಹೊರಡುವಾಗ "ಜ್ವರ ಎಷ್ಟಿತ್ತು?" ಎಂದಷ್ಟೇ ಕೇಳಿದರು.

ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ನಿಜವಾದ ತೊಡಕು ದಿನಾಂಕದ್ದು. ಇಂಜೆಕ್ಷನ್ ಸುಮಾರು ಹತ್ತು ಹನ್ನೆರಡು ದಿನ. ನಡುವೆ ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್. ಅಂಡಾಣು ತೆಗೆಯುವ ದಿನ ಗೊತ್ತಾಗುವುದು ಹೆಚ್ಚುಕಡಿಮೆ ಎರಡು ದಿನ ಮುಂಚೆ. ಕೊನೆಯ ಇಂಜೆಕ್ಷನ್ ಆಗಿ ಸುಮಾರು 36 ಗಂಟೆಗೆ ಅದನ್ನು ಮಾಡಬೇಕು, ಮುಂದೂಡಲು ಬರುವುದಿಲ್ಲ. ಮ್ಯಾನೇಜರ್‌ಗೆ ತಿಳಿಯಬೇಕಾದದ್ದು ಈ ಅನಿಶ್ಚಿತತೆ, ರೋಗದ ಹೆಸರಲ್ಲ. ನೀವು ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಗೊತ್ತು. ನಾನು ಕನ್ನಡದಲ್ಲಿ ಹೇಳುತ್ತೇನೆ:

"ಮುಂದಿನ ಎರಡು ವಾರ ನನಗೆ ವೈದ್ಯಕೀಯ ಚಿಕಿತ್ಸೆ ಇದೆ. ನಾಲ್ಕೈದು ದಿನ ಬೆಳಿಗ್ಗೆ 11ರ ನಂತರ ಬರುತ್ತೇನೆ. ಜೊತೆಗೆ ಎರಡು ಪೂರ್ತಿ ದಿನ ರಜೆ ಬೇಕು. ಅದರ ದಿನಾಂಕ ಎರಡು ದಿನ ಮುಂಚೆಯಷ್ಟೇ ತಿಳಿಯುತ್ತದೆ, ಬದಲಿಸಲು ಆಗುವುದಿಲ್ಲ. ಆ ದಿನಗಳಲ್ಲಿ ನನ್ನ ಕೆಲಸ ಯಾರು ನೋಡಿಕೊಳ್ಳುತ್ತಾರೆಂದು ಕೆಳಗೆ ಬರೆದಿದ್ದೇನೆ."

ವಿಷಯದ ಸಾಲಿನಲ್ಲಿ "ರಜೆ" ಮತ್ತು ತಿಂಗಳು ಸಾಕು. ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ, ನೋಡಿ. "ವೈಯಕ್ತಿಕ ಕೆಲಸ" ಎಂದರೆ ಕುತೂಹಲ ಕೆರಳುತ್ತದೆ. "ಚಿಕಿತ್ಸೆ" ಎಂದರೆ ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ನಿಲ್ಲದಿದ್ದರೆ, "ಗಾಬರಿ ಪಡುವಂಥದ್ದಲ್ಲ ಸರ್, ಡಾಕ್ಟರ್ ನೋಡ್ತಿದ್ದಾರೆ. ದಿನ ಗೊತ್ತಾದ ತಕ್ಷಣ ಹೇಳ್ತೀನಿ" ಎಂದು ಕೆಲಸದ ಮಾತಿಗೆ ಹೊರಳಿ.

ಸರ್ಟಿಫಿಕೇಟ್ ಕೇಳಿದರೆ ಹುಷಾರು. ಒಳಗೆ "ವಿಶ್ರಾಂತಿ ಬೇಕು" ಎಂದಷ್ಟೇ ಇದ್ದರೂ, ಸಂತಾನ ಚಿಕಿತ್ಸಾ ಕೇಂದ್ರದ ಲೆಟರ್‌ಹೆಡ್ ಎಲ್ಲವನ್ನೂ ಹೇಳಿಬಿಡುತ್ತದೆ. ಅದನ್ನು ಮ್ಯಾನೇಜರ್‌ಗೆ ಲಗತ್ತಿಸಬೇಡಿ. "ಎಚ್‌ಆರ್‌ಗೆ ನೇರವಾಗಿ ಕೊಡಬಹುದಾ?" ಎಂದು ಮೊದಲೇ ಕೇಳಿ.

ಕಾರಣ ಹೇಳಲೇಬೇಕಾದ ರಜೆಗಳೂ ಇವೆ. ಗರ್ಭಪಾತವಾದರೆ ಕಾನೂನಿನ ಪ್ರಕಾರ ಆರು ವಾರದ ಸಂಬಳ ಸಹಿತ ರಜೆ ಇದೆ. ಅದಕ್ಕೆ ಪುರಾವೆ ಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲಿ ವರ್ಷಕ್ಕೆ 12 ದಿನದವರೆಗೆ ಕೊಡುವ ರಜೆಯೂ ಕಾಯಿಲೆ, ಅಪಘಾತ ಅಥವಾ ಬೇರೆ ಯಾವುದಾದರೂ ಸಕಾರಣಕ್ಕೆ. ಅಂದರೆ ಕಾರಣದ ಬಗೆ ಹೇಳಬೇಕು, ನಿಜ. ಆದರೆ ಇಪ್ಪತ್ತು ದಿನ ದುಡಿದದ್ದಕ್ಕೆ ಒಂದು ದಿನದಂತೆ ಸೇರುವ ರಜೆ ಇದೆಯಲ್ಲ, ಅದು ನೀವು ದುಡಿದು ಗಳಿಸಿದ್ದು. ಅದಕ್ಕೂ ನಾವು ಕಥೆ ಕಟ್ಟುತ್ತೇವೆ!

ತಪ್ಪು ಮೂರನೇ ಕ್ಲಾಸಿನ ರಜಾ ಅರ್ಜಿಯದು ಎಂದು ನನ್ನ ಗುಮಾನಿ. "ದಯಮಾಡಿ", "ತಮ್ಮ ವಿಧೇಯ ವಿದ್ಯಾರ್ಥಿ". ರಜೆ ಎಂದರೆ ಮರುಕ ಹುಟ್ಟಿಸಿ ಪಡೆಯುವಂಥದ್ದು ಎಂದು ಅಲ್ಲೇ ಕಲಿತೆವು. ಹಾಗಾಗಿ ದೊಡ್ಡವರಾದ ಮೇಲೂ ಇರುವ ಇಬ್ಬರು ಅಜ್ಜಿಯರನ್ನು ನಾಲ್ಕು ಸಲ ಸಾಯಿಸುತ್ತೇವೆ. ಕಾರಣ ಜಾಸ್ತಿ ಬಿಚ್ಚಿಟ್ಟಷ್ಟೂ ಚೌಕಾಶಿ ಜಾಸ್ತಿ. ಮದುವೆ ಎಂದರೆ "ಯಾರದು? ರಿಸೆಪ್ಷನ್‌ಗೆ ಹೋಗಿ ಬಂದ್ರೆ ಸಾಲದಾ?" ಎನ್ನುತ್ತಾರೆ. ರಜೆಯ ಮಾತು ಹೋಗಿ ನಿಮ್ಮ ನೆಂಟಸ್ತಿಕೆಯ ವಿಚಾರಣೆ ಶುರು.

ನಮ್ಮ ಪತ್ರಿಕೆಯ ರಜೆ ಪುಸ್ತಕದಲ್ಲಿ "ಕಾರಣ" ಎಂಬ ಕಾಲಂಗೆ ನಾನೇ ಗೀಟು ಹಾಕಿದ್ದೇನೆ. ಹೋದ ವಾರ ನಮ್ಮ ಉಪಸಂಪಾದಕಿ ಆ ಗೀಟಿನ ಪಕ್ಕ ಮೂರು ದಿನ ಬರೆದು ಹೋದರು. ಬಂದಾಗ ಕೈತುಂಬ ಮದರಂಗಿ ಇತ್ತು. ಇವತ್ತಿಗೆ ಆರು ದಿನ, ನಾನಿನ್ನೂ ಕೇಳಿಲ್ಲ.