60 ಚೀಲ ಇದ್ದರೂ ಕೆಂಪು ಯಾಕೆ?

"ಪಶು ಆಹಾರ ಇನ್ನೂ 60 ಚೀಲ ಇದೆ, ದಿನಕ್ಕೆ 8 ಹೋಗುತ್ತೆ. ಆದರೂ ಶೀಟ್ 'ಆರ್ಡರ್ ಮಾಡಿ' ಅಂತ ಕೆಂಪಾಗಿ ತೋರಿಸ್ತಿದೆ. ತಪ್ಪಾ?"

ತಪ್ಪಲ್ಲ ಸರ್. ನಿಮ್ಮ 60 ಚೀಲ ಏಳೂವರೆ ದಿನಕ್ಕೆ ಸಾಕು. ಸರಬರಾಜುದಾರರಿಂದ ಮಾಲು ಬರಲು 7 ದಿನ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಲಾರಿ ಒಂದು ದಿನ ತಡವಾದರೂ ಗೋದಾಮು ಖಾಲಿ. ಅದಕ್ಕೇ 2 ದಿನದ ಮುಂಜಾಗ್ರತೆ ಸೇರಿಸಿ 8 × 9 = 72 ಚೀಲಕ್ಕೆ ಇಳಿದಾಗಲೇ ಕೆಂಪಾಗಬೇಕು.

```
=IF(B2+C2<=D2*(E2+F2),"ಆರ್ಡರ್ ಮಾಡಿ","ಸಾಕು")
```

B2 ಕೈಯಲ್ಲಿರುವ ದಾಸ್ತಾನು, D2 ದಿನದ ಬಳಕೆ, E2 ಮಾಲು ಬರುವ ದಿನಗಳು, F2 ಮುಂಜಾಗ್ರತೆಯ ದಿನಗಳು. C2 ಎಂದರೆ ಆರ್ಡರ್ ಕೊಟ್ಟಿದ್ದು ಇನ್ನೂ ಬಾರದ ಮಾಲು. ಇದನ್ನು ಬಿಟ್ಟರೆ ಆರ್ಡರ್ ಕೊಟ್ಟ ಮೇಲೂ ಕೆಂಪು ಹೋಗುವುದಿಲ್ಲ, ಇನ್ನೊಬ್ಬರು ನೋಡಿ ಮತ್ತೆ ಆರ್ಡರ್ ಹಾಕಿಬಿಡುತ್ತಾರೆ. ಮಾಲು ಇಳಿದ ದಿನವೇ ಅದನ್ನು C2ನಿಂದ ಕಳೆದು B2ಗೆ ಸೇರಿಸಿ.

ನನಗೆ ಹೆಚ್ಚು ಅನುಮಾನ ಆ 8ರ ಮೇಲೆ. ತಿಂಗಳಿಗೆ 240 ಚೀಲ ಹೋಗಿದೆ ಅಂತ 30ರಿಂದ ಭಾಗಿಸಿದ್ದೀರಾ? ಅದರಲ್ಲಿ 6 ದಿನ ಮಾಲೇ ಇರಲಿಲ್ಲ ಎಂದಾದರೆ 24ರಿಂದ ಭಾಗಿಸಬೇಕು. ಆಗ ಬಳಕೆ 10, ಕೆಂಪಾಗಬೇಕಾದ ಮಟ್ಟ 90. ಖಾಲಿ ಇದ್ದ ದಿನಗಳನ್ನು ದಾಸ್ತಾನು ಪುಸ್ತಕದಲ್ಲಿ ನೋಡಿ ತೆಗೆಯಿರಿ.