ಡಿಮೆನ್ಷಿಯಾ ಆರೈಕೆದಾರರ ಹೊರೆ: ಅಳೆಯುವುದು, ನೆರವಾಗುವುದು

ಪ್ರಶ್ನೆ: ಮುಂಬೈಯ ನಮ್ಮ ಮೆಮೊರಿ ಕ್ಲಿನಿಕ್‌ನಲ್ಲಿ ಆರೈಕೆ ಮಾಡುವವರ ಹೊರೆಯನ್ನು ಅಳೆದು ನೆರವು ಕೊಡುವ ಯೋಜನೆ ಹೇಗಿರಬೇಕು?

ಉತ್ತರ: ಮೊದಲು ಯಾರನ್ನು ಕೇಳಬೇಕೆಂದು ನಿರ್ಧರಿಸಿ. ಕ್ಲಿನಿಕ್‌ಗೆ ಕರೆತರುವವರು ಮಗನಾದರೂ ಸ್ನಾನ, ಊಟ, ರಾತ್ರಿಯ ಕಾವಲು ಸಾಮಾನ್ಯವಾಗಿ ಸೊಸೆಯ ಪಾಲಿಗಿರುತ್ತದೆ. ಆಕೆಯೊಡನೆ ಪ್ರತ್ಯೇಕವಾಗಿ, ಆಕೆಯ ಭಾಷೆಯಲ್ಲೇ ಮಾತನಾಡಬೇಕು. ಮನೆಯವರ ಎದುರು ಕೇಳಿದರೆ ಸಂಕೋಚದಿಂದ ‘ಏನೂ ತೊಂದರೆಯಿಲ್ಲ’ ಎನ್ನುತ್ತಾರೆ, ಅಂಕ ಸುಳ್ಳಾಗಿ ಇಳಿಯುತ್ತದೆ.

ಅಳೆಯಲು ಜಾರಿಟ್ ಪ್ರಶ್ನಾವಳಿ ಸಾಕು. ಅದರ 22 ಪ್ರಶ್ನೆಗಳಿಗೆ ತಲಾ 0ಯಿಂದ 4 ಅಂಕ, ಒಟ್ಟು 88. ಆದರೆ ಒಟ್ಟು ಮೊತ್ತಕ್ಕಿಂತ ಯಾವ ಉತ್ತರಕ್ಕೆ 3 ಅಥವಾ 4 ಬಂದಿದೆ ಎಂಬುದೇ ನೆರವಿನ ದಾರಿ ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಉದಾಹರಣೆಗೆ, ಡೊಂಬಿವಲಿಯ ಕನ್ನಡ ಮನೆಯೊಂದರ ಸೊಸೆಗೆ 46 ಅಂಕ ಬಂದಿದೆಯೆನ್ನಿ. ತನಗೆಂದು ಸಮಯವಿಲ್ಲ, ಆರೋಗ್ಯ ಕೆಟ್ಟಿದೆ ಎಂಬ ಎರಡಕ್ಕೂ 4. ವಿಚಾರಿಸಿದಾಗ, ಅತ್ತೆ ರಾತ್ರಿ ಎರಡು ಗಂಟೆಗೆ ಎದ್ದು ‘ಊರಿಗೆ ಹೋಗಬೇಕು’ ಎಂದು ಬಾಗಿಲ ಚಿಲಕ ತೆಗೆಯುತ್ತಾರೆಂದು ತಿಳಿಯುತ್ತದೆ. ಇಲ್ಲಿ ಬರಿಯ ಸಮಾಧಾನದ ಮಾತು ಕೆಲಸಕ್ಕೆ ಬಾರದು. ಅತ್ತೆಯ ನೋವು, ಮೂತ್ರದ ಸೋಂಕು, ಹಗಲುನಿದ್ದೆ, ಔಷಧಿಯ ವೇಳೆಗಳನ್ನು ವೈದ್ಯರು ಪರಿಶೀಲಿಸಬೇಕು. ವಾರಕ್ಕೆ ಎರಡು ರಾತ್ರಿಯ ಕಾವಲನ್ನು ಮಗ ವಹಿಸಿಕೊಳ್ಳುವಂತೆ ಕುಟುಂಬದ ಸಭೆಯಲ್ಲೇ ಬರೆದಿಡಬೇಕು. ಸೊಸೆಯ ಖಿನ್ನತೆಯನ್ನು ಬೇರೆಯಾಗಿ ತಪಾಸಿಸಬೇಕು, ಏಕೆಂದರೆ ಜಾರಿಟ್ ಅದನ್ನು ಪತ್ತೆಹಚ್ಚುವುದಿಲ್ಲ. ಸಾಯುವ ಅಥವಾ ಅತ್ತೆಗೆ ಹೊಡೆಯುವ ಯೋಚನೆಯನ್ನು ಹೇಳಿಕೊಂಡರೆ ಅಂಕವೆಷ್ಟಿದ್ದರೂ ಅದೇ ದಿನ ಮನೋವೈದ್ಯರು ನೋಡಬೇಕು.

ಎರಡು ವಾರಕ್ಕೊಮ್ಮೆ ಫೋನ್ ಮಾಡಿ, ಮೂರು ತಿಂಗಳಿಗೆ ಅದೇ ವ್ಯಕ್ತಿಯನ್ನು ಮತ್ತೆ ಅಳೆಯಿರಿ.