ನಾಮಿನಿ ಇಲ್ಲದ ಅಪ್ಪನ ಖಾತೆ: ಬ್ಯಾಂಕಿಗೆ ಕೊಡುವ ಪತ್ರ ಹೇಗಿರಬೇಕು?

ಪ್ರಶ್ನೆ: ಅಪ್ಪ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡು ನಾಲ್ಕು ತಿಂಗಳಾಯ್ತು. ಶಿರಸಿಯ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅವರ ಉಳಿತಾಯ ಖಾತೆಯಲ್ಲಿ 2,46,000 ರೂಪಾಯಿ ಇದೆ, 4 ಲಕ್ಷದ ಒಂದು ಠೇವಣಿಯೂ ಇದೆ. ನಾಮಿನಿ ಇಲ್ಲವಂತೆ. ಮನೆಯಲ್ಲಿ ಆಯಿ, ಅಪ್ಪನ ಅಮ್ಮ, ನಾನು. ತಮ್ಮ ಪುಣೆಯಲ್ಲಿದ್ದಾನೆ, ತಂಗಿಯನ್ನು ಕಾರವಾರಕ್ಕೆ ಕೊಟ್ಟಿದೆ. ದುಡ್ಡು ನನ್ನ ಖಾತೆಗೆ ಬರಲಿ ಎಂದು ಆಯಿ, ತಮ್ಮ, ತಂಗಿ ಒಪ್ಪಿದ್ದಾರೆ. ಬ್ಯಾಂಕಿನಲ್ಲಿ ಮಾತ್ರ "ಕೋರ್ಟಿನಿಂದ ಸರ್ಟಿಫಿಕೇಟ್ ತನ್ನಿ" ಅಂತಾರೆ. ಪತ್ರ ಹೇಗೆ ಬರೀಲಿ? ಏನೇನು ಲಗತ್ತಿಸಲಿ?
— ಶಿರಸಿ ತಾಲೂಕಿನ ಓದುಗರು

ಉತ್ತರ: ನಿಮ್ಮ ಮೊತ್ತಕ್ಕೆ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಬೇಕಿಲ್ಲ. ಮೃತ ಗ್ರಾಹಕರ ಖಾತೆ ಇತ್ಯರ್ಥಕ್ಕೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್ 26ರಂದು ಹೊಸ ನಿರ್ದೇಶನ ಹೊರಡಿಸಿ, 2026ರ ಮಾರ್ಚ್ 31ರೊಳಗೆ ಜಾರಿಗೆ ತರಬೇಕೆಂದು ಎಲ್ಲ ಬ್ಯಾಂಕುಗಳಿಗೆ ಹೇಳಿದೆ. ಅದರಂತೆ ನಾಮಿನಿ ಇಲ್ಲದ ಠೇವಣಿಗಳ ಒಟ್ಟು ಮೊತ್ತ ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದ ಒಳಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದ ಒಳಗೆ ಇದ್ದು, ವಾರಸುದಾರರ ನಡುವೆ ತಕರಾರು ಇಲ್ಲದಿದ್ದರೆ ಸರಳ ವಿಧಾನದಲ್ಲೇ ಹಣ ಕೊಡಬೇಕು. ಬಡ್ಡಿ ಸೇರಿಸಿದರೂ ನಿಮ್ಮದು ಆ ಮಿತಿಗಿಂತ ಬಹಳ ಕೆಳಗಿದೆ. ಹೊರಗಿನವರ ಜಾಮೀನನ್ನೂ ಈ ಮಿತಿಯೊಳಗೆ ಕೇಳುವಂತಿಲ್ಲ.

ಪತ್ರಕ್ಕೆ ಮೊದಲು ಒಂದು ಕೆಲಸ ಮಾಡಿ. ನಾಮಿನಿ ಇಲ್ಲ ಎಂದು ಅವರು ಹೇಳಿದ್ದು ಉಳಿತಾಯ ಖಾತೆಯನ್ನು ನೋಡಿಯೋ, ಠೇವಣಿಯನ್ನೂ ನೋಡಿಯೋ ಎಂದು ಕೇಳಿ. ಎರಡರ ನಾಮನಿರ್ದೇಶನ ಬೇರೆ ಬೇರೆ. ಖಾತೆ ತೆರೆದಾಗ ಬಿಟ್ಟುಹೋದದ್ದನ್ನು ಠೇವಣಿ ಇಡುವಾಗ ತುಂಬಿಸಿರುವುದು ಉಂಟು. ಠೇವಣಿಗೆ ನಾಮಿನಿ ಇದ್ದರೆ ಆ 4 ಲಕ್ಷಕ್ಕೆ ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತು-ವಿಳಾಸದ ದಾಖಲೆ ಇಷ್ಟೇ ಸಾಕು. ಕೆಳಗೆ ಹೇಳುವ ತಾಪತ್ರಯವೆಲ್ಲ ಉಳಿದ ಮೊತ್ತಕ್ಕೆ ಮಾತ್ರ.

ಇನ್ನು ನಿಮ್ಮ ಪ್ರಶ್ನೆಯೊಳಗೇ ಒಂದು ತಪ್ಪು ಅಡಗಿದೆ. ಒಪ್ಪಿದವರ ಪಟ್ಟಿಯಲ್ಲಿ ಅಜ್ಜಿ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಯೂ ಸೇರುತ್ತಾರೆ. ಹಾಗಾಗಿ ಅಪ್ಪನ ಸ್ವಂತ ದುಡ್ಡಿಗೆ ನಿಮ್ಮಲ್ಲಿ ಐವರು ಸಮಪಾಲಿನವರು: ಅಜ್ಜಿ, ಆಯಿ, ನೀವು, ತಮ್ಮ, ತಂಗಿ. ಬಡ್ಡಿ ಬಿಟ್ಟು ಲೆಕ್ಕ ಹಾಕಿದರೆ 6,46,000ದಲ್ಲಿ ತಲಾ 1,29,200 ರೂಪಾಯಿ. ಅಜ್ಜಿಯ ಹೆಸರು ಬಿಟ್ಟ ಪತ್ರ ಕೊಟ್ಟಿರಿ ಎನ್ನಿ, ವಾರಸುದಾರರು ಯಾರೆಂದು ನಾಡಕಚೇರಿ ಕೊಡುವ ಪ್ರಮಾಣಪತ್ರದಲ್ಲಿ ಅವರ ಹೆಸರಿದ್ದರೆ ಪತ್ರಕ್ಕೂ ಅದಕ್ಕೂ ತಾಳೆಯಾಗದೆ ಕಡತ ವಾಪಸು ಬರುತ್ತದೆ. ಪ್ರಮಾಣಪತ್ರದಲ್ಲೂ ಬಿಟ್ಟುಹೋಗಿದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ಬೇರೆ ವಾರಸುದಾರರಿಲ್ಲ, ಮುಂದೆ ಯಾರಾದರೂ ಬಂದರೆ ನಷ್ಟ ನಾನೇ ತುಂಬಿಕೊಡುತ್ತೇನೆ ಎಂದು ಬ್ಯಾಂಕಿಗೆ ಕೊಡುವ ಮುಚ್ಚಳಿಕೆಯಲ್ಲಿ ಸಹಿ ಹಾಕುವವರು ನೀವು.

ಪತ್ರವನ್ನು ಕನ್ನಡದಲ್ಲೇ ಬರೆಯಿರಿ. ಬ್ಯಾಂಕಿನ ಕ್ಲೇಮ್ ಅರ್ಜಿ ನಮೂನೆ ಬೇರೆ ಇರುತ್ತದೆ, ಅದನ್ನೂ ತುಂಬಬೇಕು. ಆದರೆ ಯಾವ ದಾಖಲೆಯನ್ನು ಯಾವ ದಿನ ಕೊಟ್ಟಿರಿ ಎಂಬುದಕ್ಕೆ ನಿಮ್ಮ ಕೈಯಲ್ಲಿ ಉಳಿಯುವ ಸಾಕ್ಷಿ ಈ ಪತ್ರ. ಅದಕ್ಕೇ ಭಾವುಕ ಮಾತು, ಹಳೇ ತಕರಾರು ಯಾವುದೂ ಬೇಡ. ನಿಮ್ಮ ಪ್ರಕರಣಕ್ಕೆ ಹೀಗೆ:

> ಗೆ,
> ಶಾಖಾ ವ್ಯವಸ್ಥಾಪಕರು, ______ ಬ್ಯಾಂಕ್, ಶಿರಸಿ ಶಾಖೆ
>
> ವಿಷಯ: ದಿವಂಗತ ______ ಇವರ ಉಳಿತಾಯ ಖಾತೆ ಸಂಖ್ಯೆ ______ ಮತ್ತು ಠೇವಣಿ ಸಂಖ್ಯೆ ______ ಇತ್ಯರ್ಥಪಡಿಸಿ ಮುಕ್ತಾಯಗೊಳಿಸುವ ಕುರಿತು.
>
> ಮಾನ್ಯರೇ,
>
> ಮೇಲಿನ ಖಾತೆದಾರರಾದ ನನ್ನ ತಂದೆಯವರು ದಿನಾಂಕ ______ರಂದು ಮಣಿಪಾಲದಲ್ಲಿ ನಿಧನರಾದರು. ಅವರು ಉಯಿಲು ಬರೆದಿಟ್ಟಿಲ್ಲ. ಖಾತೆಗೆ ನಾಮನಿರ್ದೇಶನ ಇಲ್ಲವೆಂದು ಶಾಖೆಯಲ್ಲಿ ತಿಳಿಸಿದ್ದೀರಿ. ಅವರ ವಾರಸುದಾರರು ಈ ಕೆಳಗಿನ ಐವರು ಮಾತ್ರ: ತಾಯಿ ______ (ವಯಸ್ಸು __), ಪತ್ನಿ ______ (__), ಹಿರಿಯ ಮಗನಾದ ನಾನು ______ (__), ಕಿರಿಯ ಮಗ ______ (__), ಮಗಳು ______ (__). ಇವರಲ್ಲಿ ಅಪ್ರಾಪ್ತರು ಯಾರೂ ಇಲ್ಲ. ನಮ್ಮೊಳಗೆ ಯಾವುದೇ ವಿವಾದ ಇಲ್ಲ, ಈ ಹಣದ ಬಗ್ಗೆ ನ್ಯಾಯಾಲಯದ ತಡೆಯಾಜ್ಞೆಯೂ ಇಲ್ಲ.
>
> ಉಳಿದ ನಾಲ್ವರು ಮೊತ್ತವನ್ನು ನನಗೆ ಪಾವತಿಸಲು ಒಪ್ಪಿ ನಿರಾಕ್ಷೇಪಣಾ ಪತ್ರ ನೀಡಿದ್ದಾರೆ. ಆದ್ದರಿಂದ ಎರಡೂ ಖಾತೆಗಳ ಅಸಲು ಮತ್ತು ಪಾವತಿಯ ದಿನದವರೆಗಿನ ಬಡ್ಡಿಯನ್ನು ನನ್ನ ಖಾತೆ ಸಂಖ್ಯೆ ______, ಐಎಫ್‌ಎಸ್‌ಸಿ ______ ಇದಕ್ಕೆ ಜಮಾ ಮಾಡಿ, ಖಾತೆಗಳನ್ನು ಮುಕ್ತಾಯಗೊಳಿಸಿ, ಲೆಕ್ಕದ ವಿವರ ಪಟ್ಟಿ ಕೊಡಬೇಕಾಗಿ ವಿನಂತಿ.
>
> ಲಗತ್ತುಗಳು:
> 1. ಭರ್ತಿ ಮಾಡಿದ ಕ್ಲೇಮ್ ಅರ್ಜಿ
> 2. ಮರಣ ಪ್ರಮಾಣಪತ್ರ (ಮೂಲ ತೋರಿಸಿ, ನಕಲು ಸಲ್ಲಿಕೆ)
> 3. ವಾರಸುದಾರರ ಬಗ್ಗೆ ನಾಡಕಚೇರಿಯ ಪ್ರಮಾಣಪತ್ರ
> 4. ನನ್ನ ಆಧಾರ್ ಮತ್ತು ಪ್ಯಾನ್ ನಕಲು
> 5. ನಾನು ಸಹಿ ಮಾಡಿದ ನಷ್ಟಭರ್ತಿ ಮುಚ್ಚಳಿಕೆ
> 6. ಉಳಿದ ನಾಲ್ವರ ನಿರಾಕ್ಷೇಪಣಾ ಪತ್ರಗಳು, ಅವರ ಗುರುತಿನ ದಾಖಲೆಗಳ ನಕಲು
> 7. ಪಾಸ್‌ಬುಕ್, ಮೂಲ ಠೇವಣಿ ರಸೀದಿ, ಬಳಸದ ಚೆಕ್ಕುಗಳು, ಎಟಿಎಂ ಕಾರ್ಡ್
> 8. ನನ್ನ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟದ ನಕಲು
>
> ಯಾವುದಾದರೂ ದಾಖಲೆ ಕಡಿಮೆ ಇದ್ದರೆ ಲಿಖಿತವಾಗಿ ತಿಳಿಸಬೇಕಾಗಿ ಕೋರಿಕೆ.
>
> ಸ್ಥಳ, ದಿನಾಂಕ, ಸಹಿ, ವಿಳಾಸ, ಮೊಬೈಲ್

ಎರಡು ಪ್ರತಿ ಒಯ್ದು, ಒಂದರ ಮೇಲೆ ಬ್ಯಾಂಕಿನ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಎಲ್ಲ ದಾಖಲೆ ಕೈಸೇರಿದ ದಿನದಿಂದ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ, ತಡವಾದ ಅವಧಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೇಲೆ ಶೇ. 4 ಸೇರಿಸಿ ಬಡ್ಡಿ ಕೊಡಬೇಕು. ಮೊಹರಿನ ಪ್ರತಿ ಇಲ್ಲದಿದ್ದರೆ ಆ 15 ದಿನ ಎಂದು ಶುರುವಾಯಿತೆಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಕೊನೆಯ ಸಾಲನ್ನು ಬಿಡಬೇಡಿ ಎನ್ನುವುದೂ ಇದಕ್ಕೇ. "ಇನ್ನೊಂದು ಕಾಗದ ಬೇಕು" ಎಂದು ಕೌಂಟರಿನಲ್ಲಿ ಬಾಯಲ್ಲಿ ಹೇಳಿ ಮೂರು ಸಲ ಓಡಾಡಿಸುವುದು, ಬರೆದು ಕೊಡಿ ಎಂದಾಗ ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿಯುತ್ತದೆ.

ಪಟ್ಟಿಯಲ್ಲಿ ಹೆಚ್ಚು ಕಾಡುವುದು ಎರಡನೆಯದು ಮತ್ತು ಆರನೆಯದು.

ಮರಣ ಪ್ರಮಾಣಪತ್ರ ಸಿಗುವುದು ಸಾವು ಸಂಭವಿಸಿದ ಊರಿನ ನೋಂದಣಿ ಕಚೇರಿಯಿಂದ. ನಮ್ಮ ಜಿಲ್ಲೆಯ ಎಷ್ಟೋ ಜನ ಕೊನೆಗಾಲಕ್ಕೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿರುತ್ತಾರೆ. ಅಲ್ಲಿ ದಾಖಲು ಮಾಡುವ ಗಡಿಬಿಡಿಯಲ್ಲಿ ಜೊತೆಗಿದ್ದವರು ಹೇಳಿದ ಹೆಸರೇ ಮುಂದೆ ಪ್ರಮಾಣಪತ್ರಕ್ಕೂ ಬರುತ್ತದೆ. ಪಾಸ್‌ಬುಕ್ಕಿನಲ್ಲಿ "ಜಿ. ವಿ. ಹೆಗಡೆ", ಆಧಾರಿನಲ್ಲಿ "ಗಣಪತಿ ವೆಂಕಟರಮಣ ಹೆಗಡೆ", ಮರಣ ಪ್ರಮಾಣಪತ್ರದಲ್ಲಿ "ಗಣಪ ಹೆಗಡೆ" ಎಂದು ಇದ್ದರೆ ಬ್ಯಾಂಕಿನ ಕಣ್ಣಿಗೆ ಮೂವರು. ಮೊದಲೆರಡರ ನಡುವೆ ಇನಿಶಿಯಲ್ ಬಿಡಿಸಿದ ವ್ಯತ್ಯಾಸ ಮಾತ್ರ. ಇವರಿಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ಟಿಗೆ ಶಾಖೆಗಳು ಹೆಚ್ಚಾಗಿ ಒಪ್ಪುತ್ತವೆ. ಮೂರನೆಯದನ್ನು ಅಫಿಡವಿಟ್ಟಿನಿಂದ ಮುಚ್ಚಲು ಹೋಗಬೇಡಿ, ಅದೇ ನೋಂದಣಿ ಕಚೇರಿಗೆ ಅರ್ಜಿ ಹಾಕಿ ತಿದ್ದಿಸಿ. ಮುಂದೆ ತೋಟದ ಪಹಣಿಯಲ್ಲಿ ವಾರಸಾ ಬದಲಾವಣೆಗೂ ಅದೇ ಪ್ರಮಾಣಪತ್ರ ಬೇಕು.

ತಂಗಿಯ ಹೆಸರಿನದು ನಮ್ಮ ಕಡೆಯದೇ ತೊಡಕು. ಮದುವೆಗೆ ಮುಂಚೆ ನಡುವಿನ ಹೆಸರು ಅಪ್ಪನದು, ಆಮೇಲೆ ಗಂಡನದು, ಅಡ್ಡಹೆಸರೂ ಬದಲು. ನಾಡಕಚೇರಿಯ ಪ್ರಮಾಣಪತ್ರದಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು ಇದ್ದರೆ ಒಂದನ್ನೊಂದು ಕೂಡಿಸುವ ಕಾಗದ ಬೇಕು. ಮದುವೆ ನೋಂದಣಿ ಪತ್ರವಿದ್ದರೆ ಅದು, ಇಲ್ಲದಿದ್ದರೆ ಅಫಿಡವಿಟ್. ನಿರಾಕ್ಷೇಪಣಾ ಪತ್ರದಲ್ಲೂ ಎರಡೂ ಹೆಸರು ಬರೆಸಿ.

ತಮ್ಮ ಪುಣೆಯಿಂದ ಬರಬೇಕೆಂದೇನೂ ಇಲ್ಲ. ನಿರಾಕ್ಷೇಪಣೆಯ ನಮೂನೆಯನ್ನು ಶಿರಸಿ ಶಾಖೆಯಿಂದಲೇ ಪಡೆದು ಕಳಿಸಿ, ಅಲ್ಲಿ ಅದೇ ಬ್ಯಾಂಕಿನ ಶಾಖೆಯ ಅಧಿಕಾರಿಯ ಎದುರೋ ನೋಟರಿಯ ಎದುರೋ ಸಹಿ ಮಾಡಬಹುದು. ಯಾವುದು ನಡೆಯುತ್ತದೆ ಎಂದು ಇಲ್ಲಿ ಮೊದಲೇ ಕೇಳಿಕೊಳ್ಳಿ. ಅಜ್ಜಿ ಹೆಬ್ಬೆಟ್ಟು ಒತ್ತುವವರಾದರೆ ಇಬ್ಬರು ಸಾಕ್ಷಿಗಳ ಎದುರು ಒತ್ತಿಸಬೇಕು, ಆ ಸಾಕ್ಷಿಗಳು ನೀವು ನಾಲ್ವರಲ್ಲಿ ಯಾರೂ ಆಗದಿದ್ದರೆ ಒಳ್ಳೆಯದು. ಹಾಸಿಗೆ ಹಿಡಿದಿದ್ದರೆ ಸಿಬ್ಬಂದಿಯನ್ನು ಮನೆಗೆ ಕಳಿಸಿಕೊಡಿ ಎಂದು ವ್ಯವಸ್ಥಾಪಕರಿಗೆ ಒಂದು ಚೀಟಿ ಬರೆದು ಕೊಡಿ.

ನಿರಾಕ್ಷೇಪಣೆ ಅಂದರೆ "ಇವನ ಕೈಗೆ ಕೊಡಿ" ಎಂದು ಬ್ಯಾಂಕಿಗೆ ಹೇಳಿದ್ದೇ ಹೊರತು ಪಾಲು ಬಿಟ್ಟುಕೊಟ್ಟದ್ದಲ್ಲ. ಆಯಿ, ಅಜ್ಜಿಯ ಪಾಲು ನಿಮ್ಮ ಖಾತೆಗೆ ಬಂದರೂ ಅವರದೇ. ನನ್ನನ್ನು ಕೇಳಿದರೆ ಆಯಿಯನ್ನೂ ಕ್ಲೇಮುದಾರರನ್ನಾಗಿ ಸೇರಿಸಿ ಅವರ ಪಾಲನ್ನು ಅವರ ಖಾತೆಗೇ ಹಾಕಿಸುವುದು ಲೇಸು. ಒಂದು ಸಹಿ ಹೆಚ್ಚಾಗುತ್ತದೆ, ಅಷ್ಟೆ.

ನಾಡಕಚೇರಿಯ ಪ್ರಮಾಣಪತ್ರ ತಡವಾಗುತ್ತಿದೆಯೇ? ಅದರ ಬದಲು ಕುಟುಂಬವನ್ನು ಚೆನ್ನಾಗಿ ಬಲ್ಲ, ಆದರೆ ಸಂಬಂಧಿಯಲ್ಲದ, ಬ್ಯಾಂಕಿಗೆ ಒಪ್ಪಿಗೆಯಾಗುವ ಒಬ್ಬರು ವಾರಸುದಾರರು ಇಂಥಿಂಥವರು ಎಂದು ಘೋಷಣೆ ಕೊಟ್ಟರೂ ಸರಳ ವಿಧಾನದಲ್ಲಿ ನಡೆಯುತ್ತದೆ. ಊರಿನ ನಿವೃತ್ತ ಮೇಷ್ಟರು ಆಗಬಹುದು, ಮಾವ ಆಗುವುದಿಲ್ಲ. ಆಗ ಪತ್ರದ ಮೂರನೇ ಲಗತ್ತನ್ನು ಅದಕ್ಕೆ ತಕ್ಕಂತೆ ಬದಲಿಸಿ. ಮುಚ್ಚಳಿಕೆಯ ಛಾಪಾ ಕಾಗದವನ್ನು ಶಾಖೆಯವರು ಹೇಳಿದ ಬೆಲೆಯದ್ದೇ, ನಿಮ್ಮ ಹೆಸರಿನಲ್ಲೇ ಕೊಳ್ಳಿ. ಅಪ್ಪನ ಹೆಸರಿನಲ್ಲಿ ಕೊಂಡುಬಿಟ್ಟರೆ ಅದು ರದ್ದಿ.

ಠೇವಣಿಯ ಅವಧಿ ಮುಗಿದಿಲ್ಲವಾದರೆ ಹೆದರಬೇಡಿ, ಠೇವಣಿದಾರರ ಸಾವಿನ ಕಾರಣಕ್ಕೆ ಮೊದಲೇ ಮುರಿಸಿದರೆ ದಂಡ ಹಾಕುವಂತಿಲ್ಲ. ಅಪ್ಪನಿಗೆ ಪಿಂಚಣಿ ಬರುತ್ತಿದ್ದರೆ, ತೀರಿಕೊಂಡ ಮೇಲೆ ಜಮಾ ಆದ ಕಂತುಗಳನ್ನು ಬ್ಯಾಂಕು ಕಳೆದುಕೊಂಡೇ ಲೆಕ್ಕ ಕೊಡುತ್ತದೆ. ಅದೇ ಬ್ಯಾಂಕಿನಲ್ಲಿ ಅವರ ಬೆಳೆಸಾಲ ಬಾಕಿ ಇದ್ದರೂ ಅಷ್ಟೇ. ಈ ನಾಲ್ಕು ತಿಂಗಳಲ್ಲಿ ಯಾರಾದರೂ ಅವರ ಎಟಿಎಂ ಕಾರ್ಡಿನಿಂದ ಹಣ ತೆಗೆದಿದ್ದರೆ, ಖರ್ಚು ಕ್ರಿಯಾಕರ್ಮದ್ದೇ ಆಗಿದ್ದರೂ, ಪತ್ರದ ಜೊತೆ ಅದನ್ನು ಬರೆದು ತಿಳಿಸಿ. ಸಾವಿನ ದಿನಾಂಕದ ಈಚಿನ ನಮೂದು ಬ್ಯಾಂಕಿನವರ ಕಣ್ಣಿಗೆ ಹೇಗೂ ಬೀಳುತ್ತದೆ, ಉಳಿದ ವಾರಸುದಾರರ ಕಣ್ಣಿಗೂ.

ಅಡಿಕೆ ವ್ಯವಹಾರದ ಸೊಸೈಟಿಯಲ್ಲಿ ಅಪ್ಪನ ಖಾತೆ, ಷೇರು ಇದ್ದರೆ ಅದಕ್ಕೆ ಬೇರೆಯೇ ಅರ್ಜಿ. ಸೊಸೈಟಿ ಬ್ಯಾಂಕಲ್ಲ, ಮೇಲೆ ಹೇಳಿದ ನಿರ್ದೇಶನ, 15 ದಿನದ ಗಡುವು ಅಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿ ನಡೆಯುವುದು ಸಹಕಾರ ಸಂಘಗಳ ಕಾಯ್ದೆ ಮತ್ತು ಅದರ ಉಪವಿಧಿ. ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ಒಟ್ಟಿಗೇ ತೆಗೆಸಿಟ್ಟುಕೊಳ್ಳಿ.

ಇಷ್ಟೆಲ್ಲ ಕೊಟ್ಟ ಮೇಲೂ "ಕೋರ್ಟಿನಿಂದ ತನ್ನಿ" ಎಂದೇ ಹೇಳಿದರೆ ಮೊಹರಿನ ಪ್ರತಿಯ ನಕಲಿಟ್ಟು ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.